ಕುವೈತ್‌ನಲ್ಲಿ ಮಗನಿಗೆ ಅನ್ಯಾಯವಾದರೆ ವಿಶ್ವಸಂಸ್ಥೆಗೆ ದೂರು ಕೊಡಬಹುದೇ?

ತಿಕೋಟಾ, ಬಬಲೇಶ್ವರ ಕಡೆಯ ಹಳ್ಳಿಗಳಿಂದ ದುಡಿಮೆಗೆ ಗೋವಾ, ಪುಣೆ, ಮುಂಬೈಗೆ ಹೋಗುವುದು ಹಳೆಯ ರೂಢಿ. ಅಲ್ಲಿಂದ ಕೆಲವರು ಏಜೆಂಟರ ಮೂಲಕ ಕೊಲ್ಲಿ ದೇಶಗಳಿಗೂ ಹೋಗುತ್ತಾರೆ. ಅಲ್ಲಿ ಮಾಲೀಕ ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡ, ಸಂಬಳ ಕೊಡಲಿಲ್ಲ, ಅಥವಾ ಮಗ ಸತ್ತೇಹೋದ, ಹೇಗೆ ಸತ್ತ ಎಂದು ಯಾರೂ ಹೇಳುತ್ತಿಲ್ಲ ಎಂದಾದಾಗ ಊರಿನಲ್ಲಿ ಯಾರಾದರೂ ಒಬ್ಬರು ಹೇಳುವ ಮಾತು: "ವಿಶ್ವಸಂಸ್ಥೆಗೆ ಬರೀರಿ, ಅವರು ಆ ದೇಶಾನ ಹಿಡಿದು ಕೇಳ್ತಾರ."

ಈ ಮಾತು ಪೂರ್ತಿ ಸುಳ್ಳಲ್ಲ. ಮಾನವ ಹಕ್ಕುಗಳ ಒಂದೊಂದು ಒಡಂಬಡಿಕೆಗೂ ವಿಶ್ವಸಂಸ್ಥೆಯಲ್ಲಿ ತಜ್ಞರ ಒಂದು ಸಮಿತಿ ಇದೆ. ಅವುಗಳಲ್ಲಿ ಹೆಚ್ಚಿನವು ಒಬ್ಬ ವ್ಯಕ್ತಿಯ ದೂರನ್ನೂ ವಿಚಾರಣೆಗೆ ತೆಗೆದುಕೊಳ್ಳುತ್ತವೆ. ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಆದರೆ ದೂರು ನಿಜವೋ ಸುಳ್ಳೋ ಎಂದು ನೋಡುವ ಮೊದಲು, ಅದನ್ನು ತೆಗೆದುಕೊಳ್ಳಬಹುದೇ ಎಂದು ಸಮಿತಿ ನೋಡುತ್ತದೆ. ಇದಕ್ಕೆ ಸ್ವೀಕಾರಾರ್ಹತೆ ಎನ್ನುತ್ತಾರೆ. ಬಹಳಷ್ಟು ದೂರುಗಳು ಇಲ್ಲೇ ನಿಂತುಹೋಗುತ್ತವೆ.

ಮೊದಲ ಪ್ರಶ್ನೆ: ದೂರು ಯಾವ ದೇಶದ ವಿರುದ್ಧ? ಒಡಂಬಡಿಕೆಗೆ ಸಹಿ ಹಾಕುವುದು ಒಂದು, ಅದರ ಅಡಿಯಲ್ಲಿ ವ್ಯಕ್ತಿಗಳು ದೂರು ಕೊಡಬಹುದು ಎಂದು ಒಪ್ಪಿಕೊಳ್ಳುವುದು ಇನ್ನೊಂದು. ಎರಡನೆಯದಕ್ಕೆ ಆ ದೇಶ ಬೇರೆಯೇ ಒಪ್ಪಿಗೆ ಕೊಡಬೇಕು. ಕುವೈತ್ 1996ರಲ್ಲೇ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯನ್ನು ಒಪ್ಪಿದೆ. ಬದುಕುವ ಹಕ್ಕು, ಗುಲಾಮಗಿರಿಯಿಂದ ರಕ್ಷಣೆ ಎಲ್ಲವೂ ಅದರಲ್ಲಿವೆ. ಆದರೆ ದೂರಿನ ದಾರಿ ತೆರೆಯುವ ಐಚ್ಛಿಕ ಪ್ರೋಟೋಕಾಲನ್ನು ಅದು ಒಪ್ಪಿಲ್ಲ. ಬಹರೈನ್, ಕತಾರ್ ಕಥೆಯೂ ಇದೇ. ಸೌದಿ ಮತ್ತು ಯುಎಇ ಆ ಒಡಂಬಡಿಕೆಗೇ ಸೇರಿಲ್ಲ.

2024ರ ಜೂನ್ 12ರಂದು ಕುವೈತ್‌ನ ಮಂಗಾಫ್‌ನಲ್ಲಿ ಕಾರ್ಮಿಕರು ತಂಗಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು 45 ಭಾರತೀಯರು ಸತ್ತರು. ನಮ್ಮ ಪಕ್ಕದ ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನವರೂ ಒಬ್ಬರಿದ್ದರು. ಅಂಥ ಮನೆಯವರು ಜಿನೀವಾಕ್ಕೆ ಎಷ್ಟೇ ಚೆನ್ನಾಗಿ ಬರೆದ ದೂರು ಕಳಿಸಿದರೂ ಅದನ್ನು ದಾಖಲಿಸಿಕೊಳ್ಳುವುದಿಲ್ಲ. ದೂರಿನಲ್ಲಿ ಹುರುಳಿಲ್ಲ ಎಂದಲ್ಲ, ಕುವೈತ್ ಆ ಬಾಗಿಲನ್ನೇ ತೆರೆದಿಲ್ಲ.

ಹಾಗಾದರೆ ನಮ್ಮ ಸರ್ಕಾರ ಸಹಾಯ ಮಾಡಲಿಲ್ಲ ಎಂದು ಭಾರತದ ಮೇಲೆಯೇ ದೂರು ಕೊಡಬಹುದೇ? ಅದೂ ಆಗದು. ಭಾರತ 1979ರಲ್ಲಿ ಈ ಒಡಂಬಡಿಕೆ ಸೇರಿದೆ, ಪ್ರೋಟೋಕಾಲ್ ಸೇರಿಲ್ಲ. ವಲಸೆ ಕಾರ್ಮಿಕರಿಗಾಗಿಯೇ 1990ರಲ್ಲಿ ಆದ ಒಡಂಬಡಿಕೆಗೆ ಭಾರತವೂ ಇಲ್ಲ, ಕೊಲ್ಲಿಯ ಈ ದೇಶಗಳೂ ಇಲ್ಲ. ಅದರ 77ನೇ ವಿಧಿಯ ವೈಯಕ್ತಿಕ ದೂರಿನ ಏರ್ಪಾಡು ಜಾರಿಗೆ ಬರಲು ಹತ್ತು ದೇಶಗಳ ಒಪ್ಪಿಗೆ ಬೇಕು. ಅಷ್ಟು ಒಪ್ಪಿಗೆಗಳು ಸೇರದೆ ಅದು ಕಾಗದದ ಮೇಲೇ ಉಳಿದಿದೆ. ಕಾರ್ಮಿಕರನ್ನು ಕರೆಸಿಕೊಳ್ಳುವ ಶ್ರೀಮಂತ ದೇಶಗಳು ಈ ಒಡಂಬಡಿಕೆಯಿಂದ ದೂರ ಉಳಿದಿರುವುದು ಆಕಸ್ಮಿಕವೆಂದು ನನಗನ್ನಿಸುವುದಿಲ್ಲ.

ಮಗ ಇಟಲಿಯಲ್ಲೋ ಮಾಲ್ಟಾದಲ್ಲೋ ದಕ್ಷಿಣ ಕೊರಿಯಾದಲ್ಲೋ ಇದ್ದರೆ ಚಿತ್ರ ಬೇರೆ. ಈ ದೇಶಗಳು ಪ್ರೋಟೋಕಾಲ್ ಒಪ್ಪಿವೆ. ದೂರುದಾರ ಆ ದೇಶದ ಪ್ರಜೆಯಾಗಿರಬೇಕೆಂದೂ ಇಲ್ಲ, ಅನ್ಯಾಯ ಆಗುವಾಗ ಆ ದೇಶದ ಅಧಿಕಾರವ್ಯಾಪ್ತಿಯಲ್ಲಿ ಇದ್ದರೆ ಸಾಕು. ಆದರೆ ಇಲ್ಲಿ ಎರಡನೆಯ ಗೋಡೆ ಎದುರಾಗುತ್ತದೆ: ಆ ದೇಶದೊಳಗಿನ ಪರಿಹಾರದ ದಾರಿಗಳನ್ನೆಲ್ಲ ಮೊದಲು ಮುಗಿಸಿರಬೇಕು. ಅಂದರೆ ಅಲ್ಲಿನ ಪೊಲೀಸ್, ಕೋರ್ಟ್, ಮೇಲ್ಮನವಿ.

ಈ ಷರತ್ತು ಹೇಗೆ ಕೆಲಸ ಮಾಡುತ್ತದೆ ಎನ್ನುವುದಕ್ಕೆ ಒಂದು ನಿಜ ಪ್ರಕರಣವಿದೆ. ಅದು ಕೂಲಿಗೆ ಹೋದವರದ್ದಲ್ಲ, ಯುದ್ಧದಿಂದ ತಪ್ಪಿಸಿಕೊಂಡು ಹೊರಟವರದ್ದು. ಆದರೆ ನಿಯಮ ಒಂದೇ. 2013ರ ಅಕ್ಟೋಬರ್ 11ರಂದು ಲಿಬಿಯಾದಿಂದ ಹೊರಟ ದೋಣಿಯೊಂದು ಮೆಡಿಟರೇನಿಯನ್ ಸಮುದ್ರದಲ್ಲಿ ಮುಳುಗಿತು. 60 ಮಕ್ಕಳೂ ಸೇರಿ 200ಕ್ಕೂ ಹೆಚ್ಚು ಜನ ಸತ್ತರು. ದೋಣಿಯಿಂದ ಮೊದಲು ಇಟಲಿಗೆ ಫೋನ್ ಹೋಗಿತ್ತು. ಅದು ಮಾಲ್ಟಾದ ರಕ್ಷಣಾ ವಲಯ ಎಂದು ಇಟಲಿ ಹೇಳಿತು. ಇಟಲಿಯ ನೌಕಾಪಡೆಯ ಹಡಗು ಹತ್ತಿರದಲ್ಲೇ ಇದ್ದರೂ ತಡವಾಗಿ ಹೊರಟಿತು. ತಮ್ಮವರನ್ನು ಕಳೆದುಕೊಂಡ ನಾಲ್ವರು 2017ರಲ್ಲಿ ಮಾನವ ಹಕ್ಕುಗಳ ಸಮಿತಿಗೆ ಎರಡು ದೂರು ಕೊಟ್ಟರು, ಒಂದು ಇಟಲಿಯ ಮೇಲೆ, ಇನ್ನೊಂದು ಮಾಲ್ಟಾದ ಮೇಲೆ. ತೀರ್ಮಾನ 2021ರ ಜನವರಿಯಲ್ಲಿ ಹೊರಬಿತ್ತು.

ಒಂದೇ ದೋಣಿ, ಅವೇ ದೂರುದಾರರು, ಆದರೂ ಎರಡು ಬೇರೆ ಫಲ. ಮಾಲ್ಟಾದಲ್ಲಿ ಅವರು ಯಾವ ಕೋರ್ಟಿಗೂ ಹೋಗಿರಲಿಲ್ಲ, ಹಾಗಾಗಿ ಸಮಿತಿ ಆ ದೂರನ್ನು ಸ್ವೀಕರಿಸಲಿಲ್ಲ. ಇಟಲಿಯಲ್ಲಿ ಅಪರಾಧ ದೂರು ದಾಖಲಾಗಿ, ಪ್ರಕರಣ ವರ್ಷಗಟ್ಟಲೆ ಎಳೆದಾಡುತ್ತಿತ್ತು. ವಿನಾಕಾರಣ ವಿಳಂಬವಾದರೆ ಮುಗಿಯುವವರೆಗೆ ಕಾಯಬೇಕಿಲ್ಲ ಎನ್ನುವುದು ನಿಯಮದಲ್ಲೇ ಇರುವ ವಿನಾಯಿತಿ. ಸಮಿತಿ ದೂರನ್ನು ಸ್ವೀಕರಿಸಿ, ಇಟಲಿ ಬದುಕುವ ಹಕ್ಕನ್ನು ಕಾಪಾಡಲಿಲ್ಲ, ಸರಿಯಾಗಿ ತನಿಖೆ ನಡೆಸಲಿಲ್ಲ ಎಂದಿತು.

ಇದನ್ನು ನಮ್ಮ ಕಡೆಯ ಮನೆಗೆ ಹೊಂದಿಸಿ ನೋಡೋಣ. ಬಬಲೇಶ್ವರದ ಒಬ್ಬ ತಾಯಿಯ ಮಗ ಇಟಲಿಯ ತೋಟದಲ್ಲಿ ಯಂತ್ರಕ್ಕೆ ಸಿಕ್ಕಿ ಸತ್ತ ಎಂದುಕೊಳ್ಳಿ. "ಅಲ್ಲಿನ ಕೋರ್ಟ್ ಪರದೇಶಿಯ ಮಾತು ಕೇಳಲ್ಲ, ಅದಕ್ಕೆ ಹೋಗಲಿಲ್ಲ" ಎಂದರೆ ಸಮಿತಿ ಒಪ್ಪುವುದಿಲ್ಲ, ಬರೀ ಅನುಮಾನ ಸಾಲದು. ವಕೀಲರಿಗೆ ಹಣವಿಲ್ಲ ಎಂದರೂ, ಉಚಿತ ಕಾನೂನು ನೆರವಿಗೆ ಅರ್ಜಿ ಹಾಕಿದ್ದೆ, ಸಿಗಲಿಲ್ಲ ಎಂದು ತೋರಿಸುವ ಕಾಗದ ಬೇಕು. ದೂರು ಕೊಟ್ಟ ದಿನಾಂಕ, ಅದರ ಸಂಖ್ಯೆ, ಬಂದ ಉತ್ತರ, ಬಾರದ ಉತ್ತರಕ್ಕೆ ಕಳಿಸಿದ ನೆನಪೋಲೆ, ಇವೇ ಇಲ್ಲಿ ಸಾಕ್ಷಿ. ಮಾಲೀಕನ ತಪ್ಪನ್ನು ತೋರಿಸಿದರಷ್ಟೇ ಸಾಲದು. ದೂರು ಸರ್ಕಾರದ ಮೇಲೆ. ಹಾಗಾಗಿ ಸರ್ಕಾರ ಏನು ಮಾಡಬೇಕಿತ್ತು, ಏನು ಮಾಡಲಿಲ್ಲ ಎಂದು ಹೇಳಬೇಕು.

ತಾಯಿ ದೂರು ಕೊಡಬಹುದೇ? ಮಗ ಸತ್ತಿದ್ದರೆ ಹತ್ತಿರದ ಸಂಬಂಧಿಯಾಗಿ ಕೊಡಬಹುದು. ಬದುಕಿದ್ದರೆ ಅವನ ಸಹಿ ಇರುವ ಒಪ್ಪಿಗೆ ಪತ್ರ ಬೇಕು. ಜೈಲಿನಲ್ಲಿದ್ದು ಸಂಪರ್ಕವೇ ಸಿಗದಿದ್ದರೆ, ಒಪ್ಪಿಗೆ ಏಕೆ ತರಲಾಗಲಿಲ್ಲ ಎಂದು ವಿವರಿಸಬೇಕು. ಹೆಸರಿಲ್ಲದ ಅರ್ಜಿ ನಡೆಯುವುದಿಲ್ಲ, ಆದರೆ ಪ್ರಕಟಣೆಯಲ್ಲಿ ಹೆಸರು ಮುಚ್ಚಿಡಿ ಎಂದು ಕೇಳಬಹುದು. ಅದೇ ವಿಷಯ ಬೇರೊಂದು ಅಂತರರಾಷ್ಟ್ರೀಯ ವಿಚಾರಣೆಯಲ್ಲಿ ನಡೆಯುತ್ತಿರಬಾರದು. ಅವಧಿಯೂ ಇದೆ: ದೇಶದೊಳಗಿನ ದಾರಿಗಳು ಮುಗಿದು ಐದು ವರ್ಷ ದಾಟಿದ ಮೇಲೆ ಬಂದರೆ, ತಡಕ್ಕೆ ತಕ್ಕ ಕಾರಣವಿಲ್ಲದಿದ್ದರೆ, ಈ ಸಮಿತಿ ದೂರನ್ನು ತಳ್ಳಿಹಾಕಬಹುದು. ಜನಾಂಗ ತಾರತಮ್ಯದ ಸಮಿತಿಯಲ್ಲಂತೂ ಆರೇ ತಿಂಗಳು. ಕನ್ನಡ ಕಾಗದಗಳಿಗೆ ಇಂಗ್ಲಿಷ್ ಅನುವಾದ ಬೇಕೇ ಬೇಕು.

ಗೆದ್ದರೂ ಅದು ಕೋರ್ಟ್ ಡಿಕ್ರಿಯಂತಲ್ಲ. ಏನು ಮಾಡಿದಿರಿ ಎಂದು 180 ದಿನಗಳಲ್ಲಿ ತಿಳಿಸಿ ಎಂದು ಸಮಿತಿ ದೇಶವನ್ನು ಕೇಳುತ್ತದೆ, ಜಪ್ತಿ ಮಾಡುವ ಅಧಿಕಾರ ಅದಕ್ಕಿಲ್ಲ. ಅಲ್ಲಿಯವರೆಗೆ ಹೆಚ್ಚಾಗಿ ಹಲವು ವರ್ಷ ಹಿಡಿಯುತ್ತದೆ. ಮರಣದಂಡನೆಯಂಥ ಸರಿಪಡಿಸಲಾಗದ ಹಾನಿ ಎದುರಿಗಿದ್ದರೆ ಮಾತ್ರ ತಡೆಹಿಡಿಯಿರಿ ಎಂದು ಕೂಡಲೇ ಕೇಳಬಲ್ಲದು.

ಕುವೈತ್‌ನಲ್ಲಿರುವವನ ಮನೆಯವರಿಗೆ ವಿಶ್ವಸಂಸ್ಥೆಯಲ್ಲಿ ಉಳಿಯುವುದು ಇನ್ನೊಂದು ಬಾಗಿಲು: ವಲಸಿಗರ ಹಕ್ಕುಗಳ ವಿಶೇಷ ವರದಿಗಾರರು, ಅಕ್ರಮ ಬಂಧನ ಕುರಿತ ಕಾರ್ಯತಂಡ. ಇವರಿಗೆ ಬರೆಯಲು ಆ ದೇಶ ಯಾವ ಪ್ರೋಟೋಕಾಲನ್ನೂ ಒಪ್ಪಿರಬೇಕಿಲ್ಲ, ಅಲ್ಲಿನ ಕೋರ್ಟು ಮುಗಿಸಿರಬೇಕಿಲ್ಲ. ಇವರು ಸರ್ಕಾರಕ್ಕೆ ಪತ್ರ ಬರೆದು ವಿವರಣೆ ಕೇಳುತ್ತಾರೆ. ಇದರ ಜೊತೆಗೆ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ದೂರು ದಾಖಲಿಸಿ ರಾಯಭಾರ ಕಚೇರಿಯ ಉತ್ತರವನ್ನು ತೆಗೆದಿಟ್ಟುಕೊಳ್ಳಿ. ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿ, ಏಜೆಂಟನಿಗೆ ಹಣ ಕಳಿಸಿದ ರಸೀದಿ, ಮಗನ ವಾಟ್ಸಾಪ್ ಧ್ವನಿ ಸಂದೇಶಗಳು ಮನೆಯಲ್ಲಿರಲಿ. ಫೋನ್ ಬದಲಿಸುವಾಗ ಮೊದಲು ಅಳಿಸಿಹೋಗುವುದು ಆ ಸಂದೇಶಗಳೇ.