ಕುಡಿದ ಮರುದಿನದ ಹೊಟ್ಟೆ ಉರಿ: ಅದು ಉಷ್ಣ ಅಲ್ಲ, ಗಾಯ

ಹೊಗೆಸೊಪ್ಪಿನ ಹರಾಜು ಶುರುವಾದರೆ ಕಂಪಲಾಪುರದ ಕಡೆ ಜನ, ಗಾಡಿ, ದುಡ್ಡು ಎಲ್ಲದರ ಓಡಾಟವೂ ಜಾಸ್ತಿ. ಸಂಜೆ ಕುಡಿಯುವವರೂ ಜಾಸ್ತಿ. ಮರುದಿನ ಬೆಳಿಗ್ಗೆ ಆರೂವರೆಗೆ ಯಾವುದಾದರೂ ಪೆಟ್ಟಿಗೆ ಅಂಗಡಿ ಮುಂದೆ ನಿಂತು ನೋಡಿ. ಒಬ್ಬರು ಸೋಡಾ ಕೇಳುತ್ತಾರೆ, ಒಬ್ಬರು ಬರೀ ಟೀ ಕುಡಿದು ಬೀಡಿ ಹಚ್ಚುತ್ತಾರೆ, ಇನ್ನೊಬ್ಬರು 'ತಲೆ ಸಿಡೀತಾ ಇದೆ, ಒಂದು ನೋವಿನ ಮಾತ್ರೆ ಕೊಡಣ್ಣ' ಅನ್ನುತ್ತಾರೆ. ಅಂಗಡಿಯವರು ಡಬ್ಬಿಯಿಂದ ಒಂದು ಮಾತ್ರೆ ಕತ್ತರಿಸಿ ಕೊಡುತ್ತಾರೆ. ಇವರು ಖಾಲಿ ಹೊಟ್ಟೆಗೆ ಅದನ್ನು ನುಂಗಿ ಕೆಲಸಕ್ಕೆ ಹೋಗುತ್ತಾರೆ.

ಕುಡಿಯಬೇಡಿ ಅಂತ ಭಾಷಣ ಮಾಡುವುದಕ್ಕೆ ನಾನು ಇದನ್ನು ಬರೆಯುತ್ತಿಲ್ಲ. ಆ ಮಾತನ್ನು ಮನೆಯವರು ದಿನಾ ಹೇಳುತ್ತಾರೆ. ನಾನು ಹೇಳುವುದು ಆ ಬೆಳಗಿನ ಮಾತ್ರೆಯ ಬಗ್ಗೆ. ರಾತ್ರಿ ಕುಡಿದದ್ದು ಹೊಟ್ಟೆಯೊಳಗೆ ಒಂದು ಗಾಯ ಮಾಡಿರುತ್ತದೆ. ಬೆಳಗಿನ ಮಾತ್ರೆ ಆ ಗಾಯ ಮಾಯದ ಹಾಗೆ ನೋಡಿಕೊಳ್ಳುತ್ತದೆ. ಈ ಎರಡೂ ಸೇರುವುದನ್ನು ಮೊದಲು ನಿಲ್ಲಿಸಬೇಕು, ಮಾತ್ರೆ ಮಾರುವವರೂ ನಿಲ್ಲಿಸಬೇಕು ಅನ್ನುವುದು ನನ್ನ ವಾದ.

ನಮ್ಮಲ್ಲಿ ಕುಡಿದ ಮರುದಿನದ ಉರಿಗೆ 'ಉಷ್ಣ ಆಗಿದೆ' ಅನ್ನುವ ಒಂದೇ ಹೆಸರು. ಹೊಟ್ಟೆಯೊಳಗೆ ನಿಜವಾಗಿ ಆಗುವುದು ಬೇರೆ. ನಮ್ಮ ಜಠರದಲ್ಲಿ ಊಟ ಅರಗಿಸಲು ಬಲವಾದ ಆಮ್ಲ ಇರುತ್ತದೆ. ಮಾಂಸವನ್ನೇ ಕರಗಿಸುವ ಆ ಆಮ್ಲ ಜಠರವನ್ನು ಕರಗಿಸದೆ ಇರುವುದು ಒಳಗೋಡೆಯ ಮೇಲಿರುವ ಲೋಳೆಯಿಂದ. ಈ ತೆಳು ಲೋಳೆಯ ಪದರದೊಳಗೆ ಆಮ್ಲವನ್ನು ಸಪ್ಪೆ ಮಾಡುವ ಕ್ಷಾರವೂ ಇದೆ. ಅದರ ಕೆಳಗೆ ಜೀವಕೋಶಗಳು ಹೆಂಚು ಜೋಡಿಸಿದ ಹಾಗೆ ಒತ್ತೊತ್ತಾಗಿ ಕೂತಿವೆ. ಅವು ಕೆಲವೇ ದಿನಗಳಲ್ಲಿ ಸವೆದು, ಹೊಸವು ಬರುತ್ತಿರುತ್ತವೆ.

ಗಟ್ಟಿ ಮದ್ಯ ಈ ಪದರವನ್ನು ಕೆಡಿಸುತ್ತದೆ. ನಮ್ಮಲ್ಲಿ 2007ರ ಜುಲೈನಲ್ಲಿ ಸಾರಾಯಿ ನಿಂತ ಮೇಲೆ ಹಳ್ಳಿಗಳಿಗೆ ಬಂದದ್ದು ಪ್ಯಾಕೆಟ್ ವಿಸ್ಕಿ, ಬ್ರಾಂದಿ, ರಮ್. ಅದರ ಮೇಲೆ 42.8 ಅಂತ ಬರೆದಿರುತ್ತದೆ. ಅಂದರೆ ನೂರು ಎಂಎಲ್‌ನಲ್ಲಿ ಸುಮಾರು 43 ಎಂಎಲ್ ಶುದ್ಧ ಆಲ್ಕೋಹಾಲ್. ಇಷ್ಟು ಗಟ್ಟಿಯದನ್ನು ನೀರು ಬೆರೆಸದೆ, ಖಾಲಿ ಹೊಟ್ಟೆಗೆ ಸುರಿದರೆ ಲೋಳೆ ಹರಿಯುತ್ತದೆ, ಕೋಶಗಳ ಬೆಸುಗೆ ಬಿಡುತ್ತದೆ, ಆಮ್ಲ ಒಳಗೋಡೆಗೆ ಇಳಿಯುತ್ತದೆ. ಅಲ್ಲಿನ ಸಣ್ಣ ರಕ್ತನಾಳಗಳು ಒಡೆದು ಕೆಂಪು ಚುಕ್ಕೆಗಳು ಏಳುತ್ತವೆ. ಇದಕ್ಕೆ ವರ್ಷಗಟ್ಟಲೆ ಕುಡಿದಿರಬೇಕು ಅಂತಿಲ್ಲ. ಒಂದು ರಾತ್ರಿಯೇ ಸಾಕು.

ಹಾಗಾದರೆ ಉರಿ ರಾತ್ರಿ ಬಾರದೆ ಬೆಳಿಗ್ಗೆ ಯಾಕೆ ಬರುತ್ತದೆ? ರಾತ್ರಿ ಮತ್ತಿನಲ್ಲಿ ನೋವು ತಿಳಿಯುವುದಿಲ್ಲ. ಬೆಳಗಿನ ಹೊತ್ತಿಗೆ ಮತ್ತು ಇಳಿಯುತ್ತಿರುತ್ತದೆ, ಹೊಟ್ಟೆ ಖಾಲಿಯಿರುತ್ತದೆ, ಆಮ್ಲ ಮಾತ್ರ ಬರುತ್ತಲೇ ಇರುತ್ತದೆ. ಹೀರಿಕೊಳ್ಳಲು ಊಟವಿಲ್ಲದ ಆಮ್ಲ ನೇರವಾಗಿ ಗಾಯದ ಮೇಲೆ ಬೀಳುತ್ತದೆ. ಮದ್ಯದಿಂದ ಅನ್ನನಾಳದ ಕೆಳಗಿನ ಬಿಗಿ ಸಡಿಲವಾಗಿರುವುದರಿಂದ ಆಮ್ಲ ಎದೆಯವರೆಗೂ ಏರಿ ಹುಳಿ ತೇಗು ಬರುತ್ತದೆ.

ವಾಕರಿಕೆಗೆ ಇನ್ನೂ ಒಂದು ಕಾರಣವಿದೆ. ಒಂದು ಲೆಕ್ಕ ನೋಡಿ. ಒಬ್ಬರು ಸಂಜೆ ಏಳಕ್ಕೆ ಶುರು ಮಾಡಿ ಹತ್ತರೊಳಗೆ ಎರಡು ಕ್ವಾರ್ಟರ್, ಅಂದರೆ 360 ಎಂಎಲ್ ಕುಡಿದರು ಅಂದುಕೊಳ್ಳಿ. ಅದರಲ್ಲಿ ಸುಮಾರು 120 ಗ್ರಾಂ ಶುದ್ಧ ಆಲ್ಕೋಹಾಲ್ ಇದೆ. ಲಿವರ್ ಗಂಟೆಗೆ ಹೆಚ್ಚುಕಡಿಮೆ ಎಂಟು ಗ್ರಾಂ ಕರಗಿಸುತ್ತದೆ. ಎಷ್ಟೇ ಮಜ್ಜಿಗೆ, ಕಾಫಿ, ನಿಂಬೆಹಣ್ಣು ಕೊಟ್ಟರೂ ಆ ವೇಗ ಏರುವುದಿಲ್ಲ. ಹಾಗಾದರೆ 120 ಗ್ರಾಂ ಮುಗಿಯಲು ಹದಿನೈದು ಗಂಟೆ ಬೇಕು. ಏಳಕ್ಕೆ ಶುರುವಾದದ್ದು ಮರುದಿನ ಬೆಳಿಗ್ಗೆ ಹತ್ತರವರೆಗೆ ನಡೆಯುತ್ತದೆ. ಆರು ಗಂಟೆಗೆ ಬೈಕ್ ಹತ್ತುವಾಗ ಅವರ ರಕ್ತದಲ್ಲಿ ಇನ್ನೂ ಅರ್ಧ ಕ್ವಾರ್ಟರ್‌ನಷ್ಟು ಇರುತ್ತದೆ. ಲಿವರ್ ಆಲ್ಕೋಹಾಲನ್ನು ಒಡೆಯುವಾಗ ಅಸಿಟಾಲ್ಡಿಹೈಡ್ ಅನ್ನುವ ವಿಷ ಹುಟ್ಟುತ್ತದೆ, ಅದೂ ಹೊಟ್ಟೆ ತೊಳಸುತ್ತದೆ. ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿದರೆ ರಾತ್ರಿಯದ್ದು ಹೊರಗೆ ಹೋಗುವುದಿಲ್ಲ. ಅದು ಆಗಲೇ ರಕ್ತ ಸೇರಿದೆ. ಹೊರಗೆ ಬರುವುದು ಆಮ್ಲ ಮತ್ತು ಪಿತ್ತ ಮಾತ್ರ.

ಈಗ ಮಾತ್ರೆಯ ವಿಷಯಕ್ಕೆ ಬರೋಣ. ಜಠರದ ಲೋಳೆ ಹುಟ್ಟುವುದಕ್ಕೂ, ಒಳಗೋಡೆಗೆ ರಕ್ತ ಸರಿಯಾಗಿ ಹರಿಯುವುದಕ್ಕೂ ದೇಹದಲ್ಲಿ ಪ್ರೊಸ್ಟಗ್ಲ್ಯಾಂಡಿನ್ ಅನ್ನುವ ಒಂದು ರಾಸಾಯನಿಕ ಬೇಕು. ನೋವು, ಊತ ತರುವುದರಲ್ಲೂ ಅದೇ ರಾಸಾಯನಿಕದ ಕೈವಾಡ ಇದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಮಾತ್ರೆಗಳು ಅದನ್ನು ತಡೆದೇ ನೋವು ಕಡಿಮೆ ಮಾಡುವುದು. ತಲೆನೋವು ಹೋಗುತ್ತದೆ, ಜೊತೆಗೆ ಹೊಟ್ಟೆಯ ಲೋಳೆಯೂ ಹೋಗುತ್ತದೆ. ಮದ್ಯ ಬೇಲಿ ಮುರಿದರೆ, ಈ ಮಾತ್ರೆ ಬೇಲಿ ಕಟ್ಟುವವನನ್ನೇ ಮನೆಗೆ ಕಳಿಸುತ್ತದೆ. ಒಂದೊಂದೇ ಆದರೂ ರಕ್ತ ಒಸರಬಹುದು, ಎರಡೂ ಸೇರಿದರೆ ಆ ಅಪಾಯ ಹೆಚ್ಚು.

'ಮಾತ್ರೆ ಹೊಟ್ಟೆ ಸುಡುತ್ತೆ, ಅದಕ್ಕೇ ಇಂಜೆಕ್ಷನ್ ಹಾಕಿಸ್ಕೋತೀನಿ' ಅನ್ನುವವರಿದ್ದಾರೆ. ಅದೂ ತಪ್ಪು. ಆ ಔಷಧಿ ರಕ್ತದ ಮೂಲಕವೇ ಜಠರದ ಗೋಡೆಗೆ ಹೋಗಿ ಅದೇ ಕೆಲಸ ಮಾಡುತ್ತದೆ. 'ಮೊದಲೇ ಗ್ಯಾಸ್ ಮಾತ್ರೆ ನುಂಗಿ ಕುಡಿದರೆ ಏನೂ ಆಗಲ್ಲ' ಅನ್ನುವುದೂ ಅಷ್ಟೇ. ಅದು ಆಮ್ಲ ಕಡಿಮೆ ಮಾಡಬಹುದು, ಆದರೆ ಮದ್ಯ ನೇರವಾಗಿ ಲೋಳೆಗೆ ಮಾಡುವ ಹಾನಿಯನ್ನು ತಡೆಯುವುದಿಲ್ಲ.

'ನನಗೆ ಉರಿಯೇ ಬರಲ್ಲ, ನನ್ನ ಹೊಟ್ಟೆ ಗಟ್ಟಿ' ಅನ್ನುವವರಿಗೆ ಒಂದು ಹಳೆಯ ಕಥೆ. 1822ರಲ್ಲಿ ಅಮೆರಿಕದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಅನ್ನುವ ಕೂಲಿಯವನ ಹೊಟ್ಟೆಗೆ ಗುಂಡು ಬಿತ್ತು. ಅವನು ಬದುಕಿದ, ಆದರೆ ಜಠರಕ್ಕೆ ಆದ ತೂತು ಮುಚ್ಚಲೇ ಇಲ್ಲ. ವಿಲಿಯಂ ಬೊಮಾಂಟ್ ಅನ್ನುವ ಸೈನ್ಯದ ವೈದ್ಯರು ಆ ತೂತಿನ ಮೂಲಕ ವರ್ಷಗಟ್ಟಲೆ ಒಳಗೆ ನೋಡಿ, 1833ರಲ್ಲಿ ಪುಸ್ತಕ ಬರೆದರು. ಮಾರ್ಟಿನ್ ಕೆಲವು ದಿನ ಜೋರಾಗಿ ಕುಡಿದಾಗ ಒಳಗೋಡೆ ಕೆಂಪಾಗಿ, ಹುಣ್ಣಿನಂಥ ಕಲೆಗಳು ಎದ್ದಿದ್ದನ್ನು ಅವರು ಕಣ್ಣಾರೆ ಕಂಡರು. ವಿಚಿತ್ರ ಅಂದರೆ ಅವನಿಗೆ ದೊಡ್ಡ ತೊಂದರೆಯೇನೂ ಅನ್ನಿಸಿರಲಿಲ್ಲ. ನೋವಿಲ್ಲ ಅಂದ ಮಾತ್ರಕ್ಕೆ ಗಾಯವಿಲ್ಲ ಅಂತ ಅಲ್ಲ.

ಬೆಳಿಗ್ಗೆ ಇನ್ನೊಂದು ನೈಂಟಿ ಹಾಕಿದರೆ ಸರಿಹೋಗುತ್ತದೆ ಅನ್ನುವವರೂ ಉಂಟು. ಸ್ವಲ್ಪ ಹೊತ್ತು ಹಾಗೆ ಅನ್ನಿಸುವುದು ನಿಜ, ಯಾಕೆಂದರೆ ಮತ್ತೆ ಮತ್ತು ಏರಿ ನೋವು ತಿಳಿಯದಂತಾಗುತ್ತದೆ. ಆದರೆ ಅದು ಹಸಿ ಗಾಯಕ್ಕೆ ಮತ್ತೆ ಅದೇ ಮದ್ಯ ಸುರಿದಂತೆ. ದಿನಾ ಬೆಳಿಗ್ಗೆ ಅದಿಲ್ಲದೆ ಕೈ ನಡುಗುತ್ತದೆ ಅಂದರೆ ವಿಷಯ ಹೊಟ್ಟೆಯನ್ನು ದಾಟಿ ಹೋಗಿದೆ. ಅಂಥವರು ಮನೆಯಲ್ಲೇ ಹಠ ಹಿಡಿದು ಒಮ್ಮೆಲೇ ಬಿಡಬಾರದು, ಫಿಟ್ಸ್ ಬರಬಹುದು. ಆಸ್ಪತ್ರೆಯಲ್ಲಿ ಬಿಡಿಸಬೇಕು. ಮೊದಲು ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಟೆಲಿ ಮಾನಸ್ ನಂಬರ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

'ಮಾತ್ರೆ ಬೇಡ ಅಂದ್ರೆ ಕೂಲಿಗೆ ಹೋಗೋದು ಹೆಂಗೆ?' ಅಂತ ಕೇಳುವವರ ಕಷ್ಟ ನನಗೆ ಗೊತ್ತು. ಒಂದು ದಿನದ ಕೂಲಿ ಸಣ್ಣದಲ್ಲ. ಆದರೆ ರಕ್ತ ವಾಂತಿಯಾಗಿ ಮೈಸೂರಿನ ಆಸ್ಪತ್ರೆಯಲ್ಲಿ ಮಲಗಿದರೆ ಹೋಗುವುದು ಒಂದು ದಿನದ ಕೂಲಿಯಲ್ಲ. ಬೆಳಿಗ್ಗೆ ಮಾಡಬೇಕಾದದ್ದು ಇಷ್ಟು: ಒಂದೇ ಸಲ ಚೊಂಬು ನೀರು ಕುಡಿಯದೆ ಗುಟುಕು ಗುಟುಕಾಗಿ ಕುಡಿಯಿರಿ. ವಾಂತಿ ಆಗಿದ್ದರೆ ಒಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಹಾಕಿ ಕುಡಿಯಿರಿ. ತಡೆದರೆ ಉಪ್ಪು ಹಾಕಿದ ಅಕ್ಕಿ ಗಂಜಿ, ಬಾಳೆಹಣ್ಣು. ಖಾರ, ಹುಳಿ, ಕಾಫಿ, ಬೀಡಿ ಅವತ್ತು ಬೇಡ. ಉರಿಗೆ ಮೆಡಿಕಲ್ ಶಾಪಿನ ಆಂಟಾಸಿಡ್ ಸಿರಪ್ ಸ್ವಲ್ಪ ಹೊತ್ತು ಹಿತ ಕೊಡುತ್ತದೆ. ತಲೆನೋವು ನೀರು, ಊಟ, ನಿದ್ದೆಯಿಂದ ತಾನಾಗೇ ಇಳಿಯುತ್ತದೆ. ಪ್ಯಾರಾಸಿಟಮಾಲ್ ಹೊಟ್ಟೆಗೆ ಅಷ್ಟು ಕೆಟ್ಟದ್ದಲ್ಲ, ಆದರೆ ದಿನಾ ಕುಡಿಯುವವರ ಲಿವರ್‌ಗೆ ಅದೂ ಅಪಾಯ, ಡಾಕ್ಟರನ್ನು ಕೇಳದೆ ಬೇಡ. ಮತ್ತೆ ಮದ್ಯವಾಗಲಿ ಮಾತ್ರೆಯಾಗಲಿ ಬೀಳದಿದ್ದರೆ ಇಂಥ ಮೇಲ್ಪದರದ ಗಾಯ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಮಾಯುತ್ತದೆ.

ಮಾಯುತ್ತಿಲ್ಲ ಅಂತ ಗೊತ್ತಾಗುವುದು ಹೇಗೆ? ವಾಂತಿಯಲ್ಲಿ ರಕ್ತ ಅಥವಾ ಕಾಫಿ ಚರಟದಂಥದ್ದು ಬಂದರೆ, ಮಲ ಟಾರಿನ ಹಾಗೆ ಕಪ್ಪಾಗಿ, ಅಂಟಾಗಿ ಬಂದರೆ, ಎದ್ದು ನಿಂತಾಗ ಕಣ್ಣು ಕತ್ತಲಿಟ್ಟರೆ ಒಳಗೆ ರಕ್ತ ಹೋಗುತ್ತಿರಬಹುದು. ಮತ್ತೆ ಮತ್ತೆ ಜೋರಾಗಿ ವಾಕರಿಸಿದಾಗ ಅನ್ನನಾಳದ ಕೊನೆ ಸೀಳಿಯೂ ರಕ್ತ ಬರುತ್ತದೆ. ಮೇಲು ಹೊಟ್ಟೆಯ ನೋವು ಬೆನ್ನಿಗೆ ಹಾದು ನಿಲ್ಲದಿದ್ದರೆ ಅದು ಮೇದೋಜೀರಕ ಗ್ರಂಥಿಯ ಊತ ಇರಬಹುದು. ಎದೆ ಉರಿಯ ಜೊತೆ ಬೆವರು, ಉಸಿರಾಟದ ಕಷ್ಟ ಇದ್ದರೆ ಹೃದಯದ್ದಿರಬಹುದು. ಇವುಗಳಲ್ಲಿ ಯಾವುದು ಕಂಡರೂ ಸೋಡಾ ಕುಡಿದು ಕಾಯಬೇಡಿ, 108ಕ್ಕೆ ಫೋನ್ ಮಾಡಿ. ರಾತ್ರಿ ಕುಡಿದದ್ದನ್ನೂ, ನುಂಗಿದ ಮಾತ್ರೆಯನ್ನೂ ಡಾಕ್ಟರ ಹತ್ತಿರ ಮುಚ್ಚಿಡಬೇಡಿ.

ನಮ್ಮ ಭಾಗಕ್ಕೇ ಸೇರಿದ ಇನ್ನೊಂದು ಮಾತು. ಮಳೆಗಾಲದಲ್ಲಿ ಒದ್ದೆ ಹೊಗೆಸೊಪ್ಪು ಮುರಿಯುವಾಗ ನಿಕೋಟಿನ್ ಚರ್ಮದ ಮೂಲಕ ಮೈಗೆ ಇಳಿದು ತಲೆಸುತ್ತು, ವಾಂತಿ ಬರುತ್ತದೆ. ಕುಡಿಯದ ಹೆಂಗಸರಿಗೂ ಬರುತ್ತದೆ. ಸೊಪ್ಪು ಮುರಿದ ಮೇಲೆ ವಾಂತಿ ಮಾಡಿದ ಪ್ರತಿಯೊಬ್ಬರನ್ನೂ 'ರಾತ್ರಿ ಜಾಸ್ತಿ ಆಯ್ತಾ' ಅಂತ ಆಡಿಕೊಳ್ಳಬೇಡಿ. ಬಟ್ಟೆ ಬದಲಿಸಿ, ಸೋಪು ಹಾಕಿ ಮೈ ತೊಳೆದು, ನೆರಳಿನಲ್ಲಿ ಕೂರಿಸಿ ನೀರು ಕೊಡಿ. ಕಡಿಮೆಯಾಗದಿದ್ದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಕೊನೆಯದು ಅಂಗಡಿಯವರಿಗೆ. ಡೈಕ್ಲೋಫೆನಾಕ್ ಡಾಕ್ಟರ ಚೀಟಿ ಇಲ್ಲದೆ ಮಾರುವಂಥದ್ದಲ್ಲ, ಬೀಡಿ ಬೆಂಕಿಪೊಟ್ಟಣದ ಪಕ್ಕದ ಡಬ್ಬಿಯಲ್ಲಿ ಇಡುವಂಥದ್ದಂತೂ ಅಲ್ಲವೇ ಅಲ್ಲ. ಒಂದು ಮಾತ್ರೆಯಿಂದ ನಿಮಗೆ ಸಿಗುವುದು ಚಿಲ್ಲರೆ ಕಾಸು. ಬೆಳಿಗ್ಗೆ ಕಣ್ಣು ಕೆಂಪಾಗಿ ಬಂದವರಿಗೆ ಆ ಡಬ್ಬಿ ಮುಚ್ಚಿ, ಒಂದು ಒಆರ್‌ಎಸ್ ಪೊಟ್ಟಣ ಕೊಡಿ. ಅದರಲ್ಲೂ ನಿಮಗೆ ಲಾಭ ಇದೆ, ಅವರ ಹೊಟ್ಟೆಯೂ ಉಳಿಯುತ್ತದೆ.