ಎಂಟು ಸೆಕೆಂಡಿನ ಡೆಂಗಿ ಪಾಠ: ‘ಬೇಡ’ ಎಲ್ಲಿ ಹೋಯ್ತು?

(1/4)
ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಪೇಜ್‌ನವರೇ, ಮಳೆಗಾಲ ಬಂದ ಕೂಡಲೇ ಮಾತಾಡುವ ಅವತಾರ್ ಇಟ್ಟು ಡೆಂಗಿ ಜಾಗೃತಿ ರೀಲ್ಸ್ ಮಾಡ್ತೀರಿ. ಒಳ್ಳೆಯದೇ. ಆದರೆ ಉದ್ದದ ಬರಹವನ್ನು ಆ್ಯಪ್‌ಗೆ ಹಾಕಿ, ಒಂದು ಕ್ಲಿಪ್‌ಗೆ 8 ಸೆಕೆಂಡ್ ಅಂತ ಅದು ಕತ್ತರಿಸಿ ಕೊಟ್ಟದ್ದನ್ನು ಹಾಗೇ ಬಿಡಬೇಡಿ ಮಾರಾಯ್ರೇ. ಯಾಕೆ ಅಂತ ಹೇಳ್ತೇನೆ.

(2/4)
ಈ ವಾಕ್ಯ ನೋಡಿ: ‘ಡೆಂಗಿ ಕಾಲದಲ್ಲಿ ಜ್ವರ ಬಂದರೆ ಪಕ್ಕದ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿ, ಎರಡು ದಿನ ನೋಡುವ ಅಂತ ಮನೆಯಲ್ಲೇ ಕೂರಬೇಡಿ.’ ನಿಧಾನವಾಗಿ ಓದಿದರೆ 9 ಸೆಕೆಂಡ್ ದಾಟ್ತದೆ. ಹಾಗಾಗಿ ಕತ್ತರಿ ಬೀಳುವುದು ಅಲ್ಪವಿರಾಮದಲ್ಲಿ. ಮೊದಲ ಕ್ಲಿಪ್ ಮುಗಿಯುವುದು ‘ಮಾತ್ರೆ ತಂದು ನುಂಗಿ’ ಅಂತ! ಎಚ್ಚರಿಕೆ ಹೋಗಿ ಸಲಹೆ ಆಯ್ತು. ಮೇಲಿಂದ ಅವತಾರ್ ನಗ್ತಾ ಕೈ ಮುಂದೆ ಚಾಚಿದರೆ ಕೇಳುವುದೇ ಬೇಡ. ಡೆಂಗಿಯಲ್ಲಿ ಆಸ್ಪಿರಿನ್, ಐಬುಪ್ರೊಫೆನ್ ನುಂಗಿದರೆ ರಕ್ತಸ್ರಾವದ ಅಪಾಯ ಹೆಚ್ಚು. ವಾಟ್ಸಾಪ್‌ನಲ್ಲಿ ಅಜ್ಜಿಗೆ ತಲುಪುವುದು ಆ ಒಂದೇ ಕ್ಲಿಪ್. ಎರಡನೆಯದು ಬರ್ತದೆ ಅಂತ ಯಾರು ಗ್ಯಾರಂಟಿ ಕೊಡ್ತಾರೆ?

(3/4)
ತಪ್ಪು ಆ್ಯಪ್‌ನದ್ದು ಮಾತ್ರ ಅಲ್ಲ. ಕನ್ನಡದಲ್ಲಿ ಕ್ರಿಯಾಪದ, ‘ಬೇಡ’, ‘ಇಲ್ಲ’ ಎಲ್ಲ ಬರುವುದು ಕೊನೆಗೆ. ಕತ್ತರಿ ಮೊದಲು ತಿನ್ನುವುದೂ ಕೊನೆಯನ್ನೇ. ಆದ್ದರಿಂದ ಒಂದು ಕ್ಲಿಪ್‌ಗೆ ಒಂದು ಮಾತು, ಒಂದು ಕೈಸನ್ನೆ ಅಂತ ಮೊದಲೇ ಬರೆಯಿರಿ:

ಕ್ಲಿಪ್ 1: ‘ಜ್ವರ ಬಂತಾ? ನೋವಿನ ಮಾತ್ರೆ ಬೇಡ. ಡೆಂಗಿ ಆದರೆ ರಕ್ತಸ್ರಾವ ಆದೀತು.’ (‘ಬೇಡ’ ಅನ್ನುವಾಗ ಅಂಗೈ ಅಡ್ಡ)
ಕ್ಲಿಪ್ 2: ‘ಎರಡು ದಿನ ಕಾಯಬೇಡಿ. ಇವತ್ತೇ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ.’ (‘ಇವತ್ತೇ’ ಅನ್ನುವಾಗ ತೋರುಬೆರಳು)

ಎರಡೂ 6 ಸೆಕೆಂಡಿನ ಆಸುಪಾಸು. ಉಳಿದ ಎರಡು ಸೆಕೆಂಡ್ ದಂಡ ಅಲ್ಲ. ಶುರುವಿನಲ್ಲಿ ಬಾಯಿ ಮುಚ್ಚಿರಲು, ಕೊನೆಯಲ್ಲಿ ಕೈ ಕೆಳಗಿಳಿಯಲು ಅದು ಬೇಕು. ಪ್ರತಿ ಕ್ಲಿಪ್ ಕೈ ಇಳಿಸಿದ ಭಂಗಿಯಲ್ಲೇ ಶುರುವಾಗಿ ಅಲ್ಲೇ ಮುಗಿದರೆ ಜೋಡಿಸಿದಾಗ ಜರ್ಕ್ ಹೊಡೆಯುವುದಿಲ್ಲ. ಇನ್ನು ಕೈ ಏಳಬೇಕಾದ್ದು ಪದಕ್ಕಿಂತ ಒಂದು ಚೂರು ಮೊದಲು. ವಾಕ್ಯ ಶುರುವಾದಾಗಲೇ ಎದ್ದ ಕೈ ‘ಬೇಡ’ ಬರುವಾಗ ಕೆಳಗೆ ಬಿದ್ದಿರ್ತದೆ. ನಮ್ಮ ಯಕ್ಷಗಾನ ನೋಡಿದವರಿಗೆ ಇದನ್ನು ಬೇರೆ ಹೇಳಬೇಕಾ?

(4/4)
ಪೋಸ್ಟ್ ಮಾಡುವ ಮೊದಲು ಎರಡು ಪರೀಕ್ಷೆ ಉಂಟು. ಒಂದು, ಸೌಂಡ್ ಬಂದ್ ಮಾಡಿ ನೋಡಿ. ಪ, ಬ, ಮ ಬಂದಲ್ಲೆಲ್ಲ ತುಟಿ ಕೂಡಲೇಬೇಕು. ‘ಬೇಡ’ ಅನ್ನುವಾಗ ತುಟಿ ತೆರೆದೇ ಇದ್ದರೆ ಲಿಪ್ ಸಿಂಕ್ ಕೈ ಕೊಟ್ಟಿದೆ, ಪುನಃ ಮಾಡಿಸಿ. ಎರಡು, ಸ್ಕ್ರಿಪ್ಟ್ ಓದದ ಒಬ್ಬರಿಗೆ ಯಾವುದಾದರೂ ಒಂದೇ ಕ್ಲಿಪ್ ತೋರಿಸಿ, ‘ಎಂತ ಮಾಡ್ಬೇಕು ಅಂತ ಹೇಳಿದ್ದು?’ ಅಂತ ಕೇಳಿ. ಉತ್ತರ ತಲೆಕೆಳಗಾದರೆ ಆ ಕ್ಲಿಪ್ ಡಿಲೀಟ್ ಮಾಡಿ.

ವ್ಯೂಸ್ ಆಮೇಲೆ ಬರ್ತದೆ. ಮೊದಲು ‘ಬೇಡ’ ಬರಲಿ.

#ಬಂಟ್ವಾಳ #ಬೆಳ್ತಂಗಡಿ #ಮೂಡುಬಿದಿರೆ #ಡೆಂಗಿ