ಕಾಲಂ ಸೇರಿಸಿದ ಅಕ್ಕನನ್ನು ಬೈಯಬೇಡಿ

ಸ್ವಸಹಾಯ ಸಂಘಗಳ ಲೆಕ್ಕ ಈಗ ಹಲವು ಕಡೆ ಪುಸ್ತಕದ ಜೊತೆಗೆ ಗೂಗಲ್ ಶೀಟ್‌ನಲ್ಲೂ ಇರುತ್ತದೆ. ವಾರದ ಸಭೆಯಲ್ಲಿ ಪುಸ್ತಕ ಬರೆಯುವ ಅಕ್ಕ ಮೊಬೈಲಿನಲ್ಲೇ ವಸೂಲಿ ತುಂಬಿಸುತ್ತಾರೆ. ಇನ್ನೊಂದು ಹಾಳೆಯಲ್ಲಿ ಪ್ರತಿ ಸದಸ್ಯೆಯ ಒಟ್ಟು ಉಳಿತಾಯ, ಒಟ್ಟು ಕಂತು ತಾನಾಗಿಯೇ ಕೂಡಿಕೊಂಡು ಬರುತ್ತದೆ. ಒಂದು ದಿನ ಅಕ್ಕ ನಡುವೆ ಒಂದು ಕಾಲಂ ಸೇರಿಸುತ್ತಾರೆ. ಒಟ್ಟು ಲೆಕ್ಕದ ಹಾಳೆಯಲ್ಲಿ ಎಲ್ಲವೂ ಮಾಯವಾಗಿ #VALUE! ಎಂದು ಬರುತ್ತದೆ. ಶೀಟ್ ಮಾಡಿಕೊಟ್ಟವರು ಫೋನ್ ಮಾಡಿ, "ಯಾರು ಅದನ್ನು ಮುಟ್ಟಿದ್ದು?" ಎಂದು ಕೇಳುತ್ತಾರೆ.

ಈ ಪ್ರಶ್ನೆಯೇ ತಪ್ಪು ಎಂದು ನಾವು ಹೇಳುತ್ತೇವೆ. ಮುರಿದದ್ದು ಯಾಕೆ ಎಂದು ನೋಡಿದರೆ ನಿಮಗೂ ಹಾಗೇ ಅನ್ನಿಸುತ್ತದೆ.

ಒಂದು ಸಣ್ಣ ಶೀಟ್ ತೆಗೆದುಕೊಳ್ಳೋಣ. 'ವಸೂಲಿ' ಎಂಬ ಹಾಳೆಯಲ್ಲಿ ನಾಲ್ಕು ಕಾಲಂ: A ದಿನಾಂಕ, B ಸದಸ್ಯೆ, C ಉಳಿತಾಯ, D ಸಾಲದ ಕಂತು. ಒಟ್ಟು ಲೆಕ್ಕದ ಹಾಳೆಯ A1 ಮನೆಯಲ್ಲಿ ಈ ಫಾರ್ಮುಲಾ ಇದೆ:

```
=QUERY('ವಸೂಲಿ'!A:D, "select B, sum(C), sum(D)
where B is not null group by B
label sum(C) 'ಒಟ್ಟು ಉಳಿತಾಯ', sum(D) 'ಒಟ್ಟು ಕಂತು'", 1)
```

ಅಕ್ಕ B ಆದಮೇಲೆ 'ಊರು' ಎಂಬ ಕಾಲಂ ಸೇರಿಸಿದರು. ಉಳಿತಾಯ D ಗೆ ಸರಿಯಿತು, ಕಂತು E ಗೆ ಸರಿಯಿತು. ಫಾರ್ಮುಲಾದ ಮೊದಲ ಭಾಗ, ಅಂದರೆ A:D, ತಾನಾಗಿಯೇ A:E ಆಗುತ್ತದೆ. ಶೀಟ್‌ಗೆ ಅದು ವಿಳಾಸ ಎಂದು ಗೊತ್ತು. ಆದರೆ ಜೋಡಿ ಉದ್ಧರಣ ಚಿಹ್ನೆಯ ಒಳಗಿನ C, D ಅಕ್ಷರಗಳು ಅದರ ಪಾಲಿಗೆ ಬರೀ ಬರಹ. ಅವು ಇದ್ದಲ್ಲೇ ಇರುತ್ತವೆ. ಈಗ sum(C) ಅಂದರೆ ಊರುಗಳ ಹೆಸರನ್ನು ಕೂಡು ಎಂದಾಯಿತು. ಹೆಸರನ್ನು ಕೂಡುವುದು ಹೇಗೆ? ಆದ್ದರಿಂದ ದೋಷ ಬಂತು. ಕಂಪ್ಯೂಟರಿನಲ್ಲಿ ಆ ಮನೆಯ ಮೇಲೆ ಮೌಸ್ ಇಟ್ಟರೆ ಸಂದೇಶದ ಕೊನೆಗೆ AVG_SUM_ONLY_NUMERIC ಎಂದು ಕಾಣುತ್ತದೆ. ಕೂಡಲು ಕೇಳಿದ ಕಾಲಂನಲ್ಲಿ ಅಂಕಿ ಇಲ್ಲ ಎಂಬುದು ಅದರ ಅರ್ಥ. ಕಾಲಂ ಸೇರಿಸುವ ಬದಲು ಅಳಿಸಿದ್ದರೆ NO_COLUMN ಎಂದು ಬರಬಹುದು. ಕೇಳಿದ ಅಕ್ಷರದ ಕಾಲಂ ಆ ವ್ಯಾಪ್ತಿಯಲ್ಲೇ ಇಲ್ಲ ಎಂದು ಅದು ಹೇಳುತ್ತದೆ.

ದೋಷ ಕಂಡಾಗ ಹೊಸ ಕಾಲಂ ಅಳಿಸಲು ಹೋಗಬೇಡಿ. ಅದರಲ್ಲಿ ತುಂಬಿಸಿದ ಮಾಹಿತಿಯೂ ಹೋಗುತ್ತದೆ. ಉದ್ಧರಣ ಚಿಹ್ನೆಯ ಒಳಗಿನ ಅಕ್ಷರಗಳನ್ನು ಒಂದೊಂದು ಮುಂದೆ ಸರಿಸಿದರೆ ಸಾಕು. ಮೊದಲು D ಇದ್ದಲ್ಲೆಲ್ಲ E ಮಾಡಿ, ಆಮೇಲೆ C ಇದ್ದಲ್ಲೆಲ್ಲ D ಮಾಡಿ. ಹಿಂದುಮುಂದು ಮಾಡಿದರೆ ಎರಡೂ ಒಂದೇ ಅಕ್ಷರವಾಗಿ ಗೊಂದಲವಾಗುತ್ತದೆ. label ಆದಮೇಲಿನ ಅಕ್ಷರಗಳನ್ನೂ ಮರೆಯದೆ ಬದಲಿಸಬೇಕು.

ಇಲ್ಲಿಯವರೆಗೆ ಹೇಳಿದ್ದು ಅದೃಷ್ಟದ ಪ್ರಕರಣ. ದೋಷ ಕಂಡಿತು, ಫೋನ್ ಹೋಯಿತು, ಸರಿಯಾಯಿತು. ನಮಗೆ ಭಯ ಇರುವುದು ದೋಷವೇ ಕಾಣದ ಪ್ರಕರಣದ ಬಗ್ಗೆ.

ಅದೇ ಜಾಗದಲ್ಲಿ ಊರಿನ ಬದಲು 'ದಂಡ' ಎಂಬ ಕಾಲಂ ಸೇರಿಸಿದ್ದರು ಎಂದುಕೊಳ್ಳಿ. ಸಭೆಗೆ ತಡವಾಗಿ ಬಂದವರಿಗೆ 10 ರೂಪಾಯಿ. ಒಬ್ಬ ಸದಸ್ಯೆ ನಾಲ್ಕು ವಾರ ತಲಾ 100 ರೂಪಾಯಿ ಉಳಿತಾಯ, ತಲಾ 500 ರೂಪಾಯಿ ಕಂತು ಕಟ್ಟಿದ್ದಾರೆ, ಒಮ್ಮೆ ದಂಡ ಕೊಟ್ಟಿದ್ದಾರೆ. ಅವರ ಲೆಕ್ಕ ಉಳಿತಾಯ 400, ಕಂತು 2000 ಎಂದು ಬರಬೇಕು. ಬರುವುದು ಉಳಿತಾಯ 10, ಕಂತು 400. ದಂಡವೂ ಅಂಕಿಯೇ ಆದ್ದರಿಂದ ಶೀಟ್ ತಕರಾರು ಮಾಡದೆ ಕೂಡಿಬಿಡುತ್ತದೆ. label ಇಲ್ಲದಿದ್ದರೆ ತಲೆಬರಹದಲ್ಲಿ 'sum ದಂಡ' ಎಂದಾದರೂ ಬಂದು ಯಾರಿಗಾದರೂ ಅನುಮಾನ ಬರುತ್ತಿತ್ತು. ಚೆಂದ ಕಾಣಲಿ ಎಂದು ಹಾಕಿದ label ಈಗ ದಂಡದ ಮೇಲೆ 'ಒಟ್ಟು ಉಳಿತಾಯ' ಎಂಬ ಚೀಟಿ ಅಂಟಿಸಿ ತಪ್ಪನ್ನು ಮುಚ್ಚುತ್ತದೆ.

2000 ಕಟ್ಟಿದ ಹೆಣ್ಣುಮಗಳು 400 ಕಟ್ಟಿದವಳಾಗಿ ಕಾಣುತ್ತಾಳೆ. ಮುಂದಿನ ಸಾಲ ಯಾರಿಗೆ ಎಂದು ಆ ಹಾಳೆ ನೋಡಿ ತೀರ್ಮಾನಿಸಿದರೆ ಅವಳ ಹೆಸರು ಬಾಕಿದಾರರ ಪಟ್ಟಿಯಲ್ಲಿರುತ್ತದೆ.

ಇದಕ್ಕೆ ಹಲವರು ಕೊಡುವ ಪರಿಹಾರ, ಹಾಳೆಯನ್ನು ಲಾಕ್ ಮಾಡುವುದು. ನಮಗೆ ಇದು ಒಪ್ಪಿಗೆಯಿಲ್ಲ. ದಂಡ ಬರೆದುಕೊಳ್ಳಬೇಕು ಎಂದು ಸಂಘ ತೀರ್ಮಾನಿಸಿದರೆ ಅದಕ್ಕೆ ಕಾಲಂ ಬೇಕೇ ಬೇಕು. ಲಾಕ್ ಮಾಡಿದರೆ ಆ ದಂಡ ಯಾವುದೋ ಚೀಟಿಯ ಹಿಂಬದಿಗೆ ಹೋಗುತ್ತದೆ, ಇಲ್ಲವೇ ಉಳಿತಾಯದ ಮನೆಯಲ್ಲೇ ಸೇರಿಹೋಗುತ್ತದೆ. ಪುಸ್ತಕ ಸಂಘದ್ದು, ಗೆರೆ ಹಾಕುವ ಹಕ್ಕೂ ಸಂಘದ್ದೇ. ಆ ಗೆರೆ ತಡೆದುಕೊಳ್ಳುವಂತೆ ಫಾರ್ಮುಲಾ ಬರೆಯುವುದು ಶೀಟ್ ಮಾಡಿಕೊಟ್ಟವರ ಕೆಲಸ.

ಅದು ಕಷ್ಟವೂ ಅಲ್ಲ. ಒಟ್ಟು ಲೆಕ್ಕದ ಹಾಳೆಯ A ಕಾಲಂನಲ್ಲಿ ಸದಸ್ಯೆಯರ ಹೆಸರು ಬರೆದಿಟ್ಟು, QUERY ಬದಲು B2 ರಲ್ಲಿ ಇದನ್ನು ಹಾಕಬಹುದು:

```
=SUMIFS('ವಸೂಲಿ'!C:C, 'ವಸೂಲಿ'!B:B, A2)
```

ಇಲ್ಲಿ ಕಾಲಂಗಳ ಅಕ್ಷರಗಳು ಉದ್ಧರಣ ಚಿಹ್ನೆಯ ಒಳಗಿಲ್ಲ. ನಡುವೆ ಕಾಲಂ ಸೇರಿದರೆ C:C ತಾನಾಗಿಯೇ D:D ಆಗುತ್ತದೆ. ಇದರ ಮಿತಿ ಏನೆಂದರೆ ಹೊಸ ಸದಸ್ಯೆ ಬಂದರೆ ಹೆಸರನ್ನು ಕೈಯಾರೆ ಸೇರಿಸಬೇಕು. QUERY ಆದರೆ ಅದನ್ನು ತಾನೇ ಮಾಡುತ್ತದೆ. ಒಂದೇ ಹೆಸರಿನ ಇಬ್ಬರಿದ್ದರೆ ಎರಡರಲ್ಲೂ ಲೆಕ್ಕ ಒಂದಾಗಿಬಿಡುತ್ತದೆ, ಆಗ ಸದಸ್ಯೆಯ ಸಂಖ್ಯೆಯನ್ನೇ ಬಳಸಬೇಕು.

QUERY ಯನ್ನೇ ಉಳಿಸಿಕೊಳ್ಳುವವರು ಪಕ್ಕದಲ್ಲಿ ಒಂದು ಕಾವಲು ಮನೆ ಇಡಲಿ. ಒಟ್ಟು ಲೆಕ್ಕದ ಹಾಳೆಯ F1 ರಲ್ಲಿ ಹೀಗೆ ಬರೆಯಿರಿ:

```
=SUM('ವಸೂಲಿ'!C:C)-SUM(B:B)
```

ಮೂಲ ಹಾಳೆಯ ಉಳಿತಾಯದಿಂದ ಒಟ್ಟು ಲೆಕ್ಕದ ಉಳಿತಾಯ ಕಳೆದರೆ ಸೊನ್ನೆ ಉಳಿಯಬೇಕು. ದಂಡದ ಕಾಲಂ ಸೇರಿದಾಗ ಇಲ್ಲಿನ C:C ಉಳಿತಾಯದ ಹಿಂದೆಯೇ ಹೋಗುತ್ತದೆ, QUERY ಹೋಗುವುದಿಲ್ಲ. ಇಬ್ಬರ ಲೆಕ್ಕ ಕೂಡದೆ ಸೊನ್ನೆ ಹೋಗಿ ಬೇರೆ ಅಂಕಿ ಕಾಣುತ್ತದೆ. ಕಂತಿಗೂ ಇಂಥದೇ ಇನ್ನೊಂದು ಮನೆ ಇಟ್ಟರೆ ಸಾಕು. ಹೆಸರು ಬರೆಯದೆ ಹಣ ಮಾತ್ರ ತುಂಬಿಸಿದ ಸಾಲನ್ನೂ ಈ ಮನೆ ಹಿಡಿದುಕೊಡುತ್ತದೆ.

ಒಕ್ಕೂಟದವರು IMPORTRANGE ಮೂಲಕ ಬೇರೆ ಫೈಲಿನಿಂದ ಲೆಕ್ಕ ಎಳೆಯುತ್ತಿದ್ದರೆ ಮಾತ್ರ ಈ ಉಪಾಯ ನಡೆಯದು. ಅಲ್ಲಿ "ವಸೂಲಿ!A:D" ಎಂಬ ವಿಳಾಸವೂ ಉದ್ಧರಣ ಚಿಹ್ನೆಯ ಒಳಗೇ ಇರುತ್ತದೆ. ನಡುವೆ ಕಾಲಂ ಸೇರಿದರೆ ಕೊನೆಯ ಕಾಲಂ, ನಮ್ಮ ಉದಾಹರಣೆಯಲ್ಲಿ ಸಾಲದ ಕಂತು, ಹೊರಗೇ ಉಳಿದುಬಿಡುತ್ತದೆ. ಅಂಥ ಕಡೆ ಹೊಸ ಕಾಲಂ ಯಾವಾಗಲೂ ಬಲಗಡೆಯ ಕೊನೆಗೆ ಎಂದು ಮಾತಾಡಿಕೊಳ್ಳುವುದೇ ದಾರಿ. ಆದರೆ ಆ ಮಾತು ಅಕ್ಕನಿಗೆ ಮೊದಲೇ ತಿಳಿದಿರಬೇಕು, ಲೆಕ್ಕ ಕೆಟ್ಟ ಮೇಲೆ ಬೈಗುಳವಾಗಿ ತಲುಪಬಾರದು.

ನಿಮ್ಮ ಸಂಘಕ್ಕೆ ಯಾರಾದರೂ ಶೀಟ್ ಮಾಡಿಕೊಟ್ಟರೆ ಅವರ ಎದುರಿಗೇ ಅದರ ಒಂದು ಪ್ರತಿ ತೆಗೆದು, ನಡುವೆ ಒಂದು ಕಾಲಂ ಸೇರಿಸಿ, ಅದರಲ್ಲಿ ನಾಲ್ಕು ಅಂಕಿ ತುಂಬಿಸಿ ನೋಡಿ. ಒಟ್ಟು ಲೆಕ್ಕ ಬದಲಾದರೆ, ಇಲ್ಲವೇ ಒಡೆದುಹೋದರೆ, ಶೀಟನ್ನು ಅಲ್ಲೇ ವಾಪಸ್ ಕೊಡಿ.